ಅಡುಗೆಮನೆ ನೆಲಕ್ಕೆ ಸಾಲು ಸಾಲಾಗಿ ಸಾಮಾನಿನ ಲೆಕ್ಕ ಕೇಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಅಂಕೋಲಾ ಹತ್ತಿರದ ನಮ್ಮ ಹಳೇ ಚಿರೆಕಲ್ಲಿನ ಮನೆಯ ಅಡುಗೆಮನೆ ನೆಲ ಹೋದ ವರ್ಷ ಹೊಸದು ಮಾಡಿಸಿದೆ. ಅದಕ್ಕೂ ಮೊದಲು ಮೇಸ್ತ್ರಿಗೆ ಒಂದು ಉದ್ದ ವಾಟ್ಸಾಪ್ ಮೆಸೇಜ್ ಕಳಿಸಿದ್ದೆ. ಆಮೇಲೆ ಅದನ್ನು ಕೇಳಿದವರು ಎಷ್ಟು ಜನ! ಕಾರವಾರದ ಮಾವಶಿಯಿಂದ ಹಿಡಿದು ಶಿರಸಿಯ ಚಿಕ್ಕಪ್ಪನ ಮಗನವರೆಗೆ. ಎಲ್ಲರಿಗೂ ಬೇರೆ ಬೇರೆ ಉತ್ತರ ಹೇಳಿ ಸಾಕಾಗಿದೆ, ಹಾಗಾಗಿ ಒಂದೇ ಕಡೆ ಬರೆದಿದ್ದೇನೆ.

ಒಟ್ಟು ರೇಟು ಗೊತ್ತಾದರೆ ಸಾಲದಾ? ಒಂದೊಂದು ಸಾಮಾನಿನ ಲೆಕ್ಕ ಯಾಕೆ ಬೇಕು?

ನನಗೆ ಮೊದಲು ಬಂದದ್ದು ಒಂದೇ ಸಾಲು: "ಕಿಚನ್ ಫ್ಲೋರ್, ಮಟೀರಿಯಲ್ ಲೇಬರ್ ಎಲ್ಲಾ ಸೇರಿ 34,000." ಇದನ್ನು ನೋಡಿ ನೀವು ಏನು ಹೇಳಬಹುದು? ಜಾಸ್ತಿ ಆಯ್ತು, ಸ್ವಲ್ಪ ಕಮ್ಮಿ ಮಾಡಿ ಅನ್ನಬಹುದು. ಅವರು 2,000 ಇಳಿಸುತ್ತಾರೆ, ನಮಗೆ ಖುಷಿ. ಆದರೆ ಆ ಎರಡು ಸಾವಿರ ಎಲ್ಲಿಂದ ಹೋಯಿತು? ಟೈಲ್ಸಿನ ಗ್ರೇಡಿನಿಂದಲೋ, ಸಿಮೆಂಟಿನಿಂದಲೋ, ಕೆಳಗಿನ ಕಾಂಕ್ರೀಟಿನಿಂದಲೋ ಗೊತ್ತಾಗುವುದಿಲ್ಲ. ನೆಲದ ಕೆಲಸದಲ್ಲಿ ಕಣ್ಣಿಗೆ ಬೀಳುವುದು ಮೇಲಿನ ಒಂಬತ್ತು ಮಿಲಿಮೀಟರ್ ಟೈಲ್ಸ್ ಮಾತ್ರ, ಅದರ ಕೆಳಗಿನ ನಾಲ್ಕೈದು ಇಂಚು ಒಮ್ಮೆ ಮುಚ್ಚಿದ ಮೇಲೆ ಯಾರೂ ನೋಡುವುದಿಲ್ಲ.

ಎಲ್ಲರೂ ಲೆಕ್ಕ ಕೇಳುವುದು ಮೇಸ್ತ್ರಿ ಎಲ್ಲಿ ಜಾಸ್ತಿ ಹಾಕಿದ್ದಾನೆ ಅಂತ ಹಿಡಿಯಲಿಕ್ಕೆ. ನಾನೂ ಹಾಗೇ ಶುರು ಮಾಡಿದ್ದು. ಸಿಕ್ಕಿದ್ದು ಉಲ್ಟಾ: ಜಾಸ್ತಿ ಅಂತ ನಾನು ಅಂದುಕೊಂಡಿದ್ದ ಸಾಲು ಸರಿಯಾಗಿತ್ತು, ಇರಲೇಬೇಕಾದ ಒಂದು ಸಾಲು ಪಟ್ಟಿಯಲ್ಲೇ ಇರಲಿಲ್ಲ.

ಹೀಗೆ ಕೇಳಿದರೆ ಮೇಸ್ತ್ರಿಗೆ ಬೇಜಾರಾಗುವುದಿಲ್ವಾ?

ಸ್ವಲ್ಪ ಆಗುತ್ತದೆ. "ನಂಬಿಕೆ ಇಲ್ವಾ ನಿಮ್ಗೆ?" ಅಂತ ನಮ್ಮ ಮೇಸ್ತ್ರಿಯೂ ಕೇಳಿದರು. ನಮ್ಮ ಆಯಿಯೂ ಅವರ ಪರವೇ, "ಅವ ನಮ್ಮ ಬಾವಿಕಟ್ಟೆ ಕಟ್ಟಿದವ, ಅವನ ಹತ್ರ ಎಂಥಾ ಲೆಕ್ಕ" ಅಂತ. ನಾನು ಹೇಳಿದ್ದು ಇಷ್ಟೇ: ರೇಟು ಚೌಕಾಸಿ ಮಾಡಲಿಕ್ಕಲ್ಲ, ಎಷ್ಟೆಷ್ಟು ಸಾಮಾನು ಹೋಗುತ್ತದೆ ಅಂತ ಬರೆದುಕೊಡಿ, ಸಾಕು. ಪ್ರಮಾಣ ಕೇಳಿದರೆ ಅವರಿಗೆ ಅಷ್ಟು ನೋವಾಗುವುದಿಲ್ಲ, ಅದು ಅವರ ಕಸುಬಿನ ಮಾತು. ಲಾಭ ಎಷ್ಟು ಅಂತ ಕೇಳಿದರೆ ಮಾತ್ರ ಮುಖ ಬಿಗಿಯಾಗುತ್ತದೆ. ಅದನ್ನು ಕೇಳುವ ಹಕ್ಕೂ ನಮಗಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಅಡ್ವಾನ್ಸ್ ಕೊಡುವ ಮೊದಲು ಕೇಳಿ. ಕೊಟ್ಟ ಮೇಲೆ ಕೇಳಿದರೆ ಅದು ಜಗಳ.

ನೀವು ಕಳಿಸಿದ ಮೆಸೇಜ್ ಹಾಗೇ ಹಾಕ್ತೀರಾ?

ಇದೇ ನೋಡಿ. ನಿಮ್ಮ ಅಳತೆ ಹಾಕಿಕೊಂಡು ಬೇಕಾದ ಹಾಗೆ ತಿದ್ದಿಕೊಳ್ಳಿ.

"ನಮಸ್ಕಾರ ಮೇಸ್ತ್ರಿ. ನೀವು ಹೇಳಿದ 34,000 ನೋಡಿದೆ. ಕೆಲಸ ನಿಮಗೇ ಕೊಡುವುದು, ಅದರಲ್ಲಿ ಎರಡು ಮಾತಿಲ್ಲ. ಅದಕ್ಕೂ ಮೊದಲು ಸಾಮಾನಿನ ಲೆಕ್ಕ ಒಂದೊಂದೇ ಸಾಲಿನಲ್ಲಿ ಬರೆದು ಫೋಟೋ ಹಾಕಿ. ಚೀಟಿಯಲ್ಲಿ ಕೈಬರಹದಲ್ಲಿ ಇದ್ದರೂ ಸಾಕು.

ಅಡುಗೆಮನೆ ಒಳಗಳತೆ 10 ಅಡಿ, 12 ಅಡಿ. ಎರಡು ಬಾಗಿಲು, ಒಂದು ಒಳಗೆ, ಒಂದು ಹಿತ್ತಿಲಿಗೆ. ಕಟ್ಟೆ ಎಲ್ ಆಕಾರದಲ್ಲಿ ಒಟ್ಟು 16 ಅಡಿ. ಟೈಲ್ಸ್ ಕಟ್ಟೆಯ ಅಡಿಯಲ್ಲೂ ಬರಬೇಕು.

ಪ್ರತಿ ಸಾಮಾನಿಗೆ ಇಷ್ಟು ಬರೆಯಿರಿ: ಎಷ್ಟು, ಯಾವ ಕಂಪನಿ ಅಥವಾ ಗ್ರೇಡು, ಒಂದಕ್ಕೆ ರೇಟು ಎಷ್ಟು, ಜಿಎಸ್‌ಟಿ ಸೇರಿಸಿಯೋ ಬಿಟ್ಟೋ.

ಟೈಲ್ಸ್: ಎಷ್ಟು ಬಾಕ್ಸ್, ಒಂದು ಬಾಕ್ಸಲ್ಲಿ ಎಷ್ಟು ಪೀಸು. ನೆಲಕ್ಕೆ ಎಷ್ಟು, ಸ್ಕರ್ಟಿಂಗಿಗೆ ಎಷ್ಟು, ಒಡೆಯುವುದಕ್ಕೆ ಅಂತ ಎಷ್ಟು.
ಸಿಮೆಂಟ್: ಒಟ್ಟು ಎಷ್ಟು ಚೀಲ, ಅದರಲ್ಲಿ ಯಾವ ಕೆಲಸಕ್ಕೆ ಎಷ್ಟು.
ಹೊಯ್ಗೆ, ಜಲ್ಲಿ: ಎಷ್ಟು ಸಿಎಫ್‌ಟಿ. ಲೋಡ್ ಅಂತ ಬರೆಯಬೇಡಿ. ಹೊಯ್ಗೆ ಹೊಳೆಯದ್ದೋ ಎಂ-ಸ್ಯಾಂಡೋ.
ಟೈಲ್ಸ್ ಕೆಳಗೆ ಏನೇನು ಪದರ, ಒಂದೊಂದು ಎಷ್ಟು ಇಂಚು, ಮಿಕ್ಸ್ ಎಷ್ಟಕ್ಕೆ ಎಷ್ಟು.
ಟೈಲ್ಸ್ ಕೂರಿಸುವುದು ಸಿಮೆಂಟ್ ಹಾಲಿನಲ್ಲೋ ಅಂಟಿನಲ್ಲೋ. ಸಂದು ತುಂಬಲು ಏನು, ಎಷ್ಟು ಕೆಜಿ.
ಹಳೇ ನೆಲ ಕೀಳುವುದು, ಕಲ್ಲುಮಣ್ಣು ಸಾಗಿಸುವುದು, ಬಾಗಿಲ ಅಡಿ ಕತ್ತರಿಸುವುದು ಇದರಲ್ಲಿ ಸೇರಿದೆಯೋ ಇಲ್ಲವೋ.
ಕಲಸಲು ನೀರು ಯಾವುದು ಅಂತಲೂ ಹೇಳಿ, ನಮ್ಮ ಬಾವಿ ಬೇಸಿಗೆಯಲ್ಲಿ ಸ್ವಲ್ಪ ಸವಳು.

ಕೂಲಿ ಬೇರೆಯಾಗಿ ಒಂದೇ ಮೊತ್ತ ಬರೆದರೆ ಸಾಕು. ಭಾನುವಾರದೊಳಗೆ ಕಳಿಸಿದರೆ ಸೋಮವಾರ ಅಡ್ವಾನ್ಸ್ ಹಾಕುತ್ತೇನೆ."

ಕೊನೇ ಸಾಲನ್ನು ಬಿಡಬೇಡಿ. ಅದಿಲ್ಲದಿದ್ದರೆ ಚೀಟಿ ಚೌತಿ ಹಬ್ಬ ಮುಗಿದರೂ ಬರುವುದಿಲ್ಲ.

ಉತ್ತರ ಏನು ಬಂತು?

ಶನಿವಾರ ರಾತ್ರಿ, ಸಿಮೆಂಟ್ ಅಂಗಡಿಯ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದ ಫೋಟೋ ಬಂತು. ನಾನು ಕೇಳಿದ್ದರಲ್ಲಿ ಅರ್ಧಕ್ಕೆ ಮಾತ್ರ ಉತ್ತರ. ಟೈಲ್ಸ್ ಎರಡಕ್ಕೆರಡು ವಿಟ್ರಿಫೈಡ್, 160 ಚದರ ಅಡಿ. ಸಿಮೆಂಟ್ 4 ಚೀಲ. ಹೊಯ್ಗೆ 20 ಅಡಿ, ಅಂದರೆ ಸಿಎಫ್‌ಟಿ, ಘನ ಅಡಿ. ವೈಟ್ ಸಿಮೆಂಟ್ 5 ಕೆಜಿ. ಇತರೆ 2,500. ಕೂಲಿ ಬೇರೆ. ಇಷ್ಟೇ ಇದ್ದದ್ದು. ಆದರೆ ಈ ಐದು ಸಾಲಿನಿಂದಲೇ ಮುಂದಿನ ಎಲ್ಲಾ ಮಾತು ಹುಟ್ಟಿತು.

120 ಚದರ ಅಡಿ ನೆಲಕ್ಕೆ 160 ಚದರ ಅಡಿ ಟೈಲ್ಸಾ? ಇದು ಮೋಸ ಅಲ್ವಾ?

ನಾನೂ ಇದನ್ನೇ ಹಿಡಿದುಕೊಂಡು ಫೋನ್ ಮಾಡಿದ್ದೆ. ಮೂರರಲ್ಲಿ ಒಂದು ಪಾಲು ಜಾಸ್ತಿ! ಶೇಕಡಾ ಹತ್ತು ವೇಸ್ಟೇಜ್ ಅಂತ ಎಲ್ಲರೂ ಹೇಳುತ್ತಾರೆ, ಹಾಗೆ ನೋಡಿದರೆ 132 ಸಾಕು. ಅವರು ನಗುತ್ತಾ "ನಾಳೆ ಬರ್ತೇನೆ, ಟೇಪು ಹಿಡೀರಿ" ಅಂದರು.

ಸಂಗತಿ ಏನೆಂದರೆ, ಎರಡಡಿ ಟೈಲ್ಸ್ ನಿಜಕ್ಕೂ ಎರಡಡಿ ಇರುವುದಿಲ್ಲ. ಅದು 600 ಮಿ.ಮೀ., ಎರಡಡಿ ಅಂದರೆ 610 ಮಿ.ಮೀ. ಒಂದು ಟೈಲಿಗೆ ಒಂದು ಸೆಂಟಿಮೀಟರ್ ಕಮ್ಮಿ. ಅಂಗಡಿಯಲ್ಲಿ ನಾಲ್ಕು ಪೀಸಿನ ಬಾಕ್ಸಿಗೆ 16 ಚದರ ಅಡಿ ಅಂತ ಬಿಲ್ ಮಾಡುತ್ತಾರೆ, ಬಾಕ್ಸ್ ಮೇಲೆ ನೋಡಿದರೆ 1.44 ಚದರ ಮೀಟರ್ ಅಂತ ಇರುತ್ತದೆ, ಅಂದರೆ ಹದಿನೈದೂವರೆ ಚದರ ಅಡಿ. ಸಣ್ಣ ವ್ಯತ್ಯಾಸ, ಆದರೆ ನೆಲದ ಮೇಲೆ ಇಟ್ಟಾಗ ಕಾಣುತ್ತದೆ.

ನಮ್ಮ ಹತ್ತಡಿಯ ಕಡೆ ಐದು ಟೈಲ್ಸ್ ಇಟ್ಟರೆ 3,000 ಮಿ.ಮೀ., ಗೋಡೆಯಿಂದ ಗೋಡೆಗೆ ಇರುವುದು 3,048. ಸಂದಿಗೆ ಹತ್ತು ಮಿಲಿಮೀಟರ್ ಹೋದರೂ ಒಂದೂವರೆ ಇಂಚಿನ ಪಟ್ಟಿ ಉಳಿಯಿತು. ಹನ್ನೆರಡು ಅಡಿಯ ಕಡೆಯೂ ಇದೇ ಕತೆ. ಅಂದರೆ 5 ಸಾಲು 6 ಸಾಲು ಲೆಕ್ಕದಲ್ಲಿ 30 ಟೈಲ್ಸ್ ಇಟ್ಟ ಮೇಲೂ ಎರಡು ಗೋಡೆಗುಂಟ ಒಂದು ಸಪೂರ ಪಟ್ಟಿ ಬಾಕಿ. ಅದನ್ನು ಕತ್ತರಿಸಿ ತುಂಬಲು ಎರಡು ಟೈಲ್ಸ್. ಆ ಪಟ್ಟಿ ಎಲ್ಲಿ ಬರಬೇಕು ಅನ್ನುವುದು ಮುಖ್ಯ: ಬಾಗಿಲ ಎದುರು ಬಂದರೆ ಜೀವಮಾನ ಪೂರ್ತಿ ಕಣ್ಣು ಚುಚ್ಚುತ್ತದೆ. ನಮ್ಮಲ್ಲಿ ಎರಡನ್ನೂ ಕಟ್ಟೆಯ ಅಡಿಗೆ ತಳ್ಳಿದರು, ಈಗ ಅಲ್ಲಿ ಅಕ್ಕಿ ಡಬ್ಬ ಕೂತಿದೆ.

ಆಮೇಲೆ ಸ್ಕರ್ಟಿಂಗ್, ಗೋಡೆಯ ಬುಡಕ್ಕೆ ಸುತ್ತ ಬರುವ ಟೈಲ್ಸ್ ಪಟ್ಟಿ. ಸುತ್ತಳತೆ 44 ಅಡಿ, ಅದರಲ್ಲಿ ಎರಡು ಬಾಗಿಲಿಗೆ 6, ಕಟ್ಟೆ ಬರುವ ಕಡೆ 16 ಕಳೆದರೆ 22 ಅಡಿ. ಒಂದು ಟೈಲಿನಲ್ಲಿ ನಾಲ್ಕಿಂಚಿನ ಪಟ್ಟಿ ಐದು ಬರುತ್ತದೆ. 22 ಅಡಿಗೆ 12 ಪಟ್ಟಿ, ಅಂದರೆ ಮೂರು ಟೈಲ್ಸ್. ಒಟ್ಟು 35 ಆಯಿತು. ಕತ್ತರಿಸುವಾಗ ಒಡೆಯುವುದಕ್ಕೆ ಎರಡು ಮೂರು, ಮುಂದೆ ಪೈಪು ರಿಪೇರಿ ಬಂದರೆ ಅಂತ ಅಟ್ಟದಲ್ಲಿಡಲು ಎರಡು. 40. ಹತ್ತು ಬಾಕ್ಸ್. ಬಿಲ್ಲಿನ ಲೆಕ್ಕದಲ್ಲಿ 160 ಚದರ ಅಡಿ.

ಶೇಕಡಾ ಹತ್ತರ ಲೆಕ್ಕದಲ್ಲಿ ಒಂಬತ್ತು ಬಾಕ್ಸ್ ತಂದಿದ್ದರೆ 36 ಟೈಲ್ಸ್ ಇರುತ್ತಿತ್ತು. ಒಡೆಯಲು ಬರೀ ಒಂದು. ಕಮ್ಮಿ ಬಿದ್ದರೆ ಮತ್ತೆ ಅಂಗಡಿಗೆ ಓಡಿದರೂ ಅದೇ ಬ್ಯಾಚ್ ಸಿಗುವ ಗ್ಯಾರಂಟಿ ಇಲ್ಲ. ಇಲ್ಲಿಗೆ ಬರುವ ಟೈಲ್ಸ್ ಬಹುಪಾಲು ಗುಜರಾತಿನ ಮೋರ್ಬಿ ಕಡೆಯಿಂದ ಲಾರಿಯಲ್ಲಿ ಬರುವುದು, ಮುಂದಿನ ಲಾರಿಯ ಶೇಡು ಕೂದಲೆಳೆಯಷ್ಟು ಬೇರೆ ಇದ್ದರೂ ನೆಲದ ಮೇಲೆ ಎದ್ದು ಕಾಣುತ್ತದೆ. ಹಾಗಾಗಿ ಟೈಲ್ಸ್ ಸಾಲಿನಲ್ಲಿ ಚದರ ಅಡಿ ನೋಡಬೇಡಿ, ಪೀಸು ಎಣಿಸಿ. ನಾನು ಫೋನಲ್ಲಿ ಮಾಡಿದ ಗಲಾಟೆಗೆ ಚಾ ಮತ್ತು ಬನ್ಸ್ ಕೊಟ್ಟು ಸರಿ ಮಾಡಿಕೊಂಡೆ.

ಹಾಗಾದರೆ ಪಟ್ಟಿಯಲ್ಲಿ ತಪ್ಪು ಎಲ್ಲಿತ್ತು?

ಪಟ್ಟಿಯನ್ನು ಮತ್ತೊಮ್ಮೆ ನೋಡಿ. ಜಲ್ಲಿ ಇಲ್ಲ.

ಜಲ್ಲಿ ಇಲ್ಲ ಅಂದರೆ ಕಾಂಕ್ರೀಟ್ ಇಲ್ಲ. ಹಳೇ ನೆಲ ಕಿತ್ತ ಮೇಲೆ ಕೆಳಗೆ ಸಿಗುವುದು ಮಣ್ಣು. ಅದರ ಮೇಲೆ ಏನು ಹಾಕುತ್ತೀರಿ ಅಂತ ಕೇಳಿದರೆ "ಕಿತ್ತ ತುಂಡೆಲ್ಲಾ ಅಲ್ಲೇ ಹಾಕಿ, ನೀರು ಬಿಟ್ಟು ಕುಟ್ಟಿ, ಮೇಲೆ ಹೊಯ್ಗೆ ಸಿಮೆಂಟ್ ಹಾಸಿ ಟೈಲ್ಸ್ ಕೂರಿಸೋದು" ಅಂದರು. ಇದು ಅವರು ಮುಚ್ಚಿಟ್ಟ ಸಂಗತಿ ಏನಲ್ಲ. ಊರಲ್ಲಿ ಎಷ್ಟೋ ಮನೆಗೆ ಹಾಗೇ ಮಾಡಿದ್ದಾರೆ, ಅವರಿಗೆ ಅದೇ ಕ್ರಮ. ನಾನು ಕೇಳದಿದ್ದರೆ ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ.

ತುಂಡು ಹಾಕಿ ಕುಟ್ಟುವುದು ತಪ್ಪಲ್ಲ, ಆದರೆ ಅದು ಕಾಂಕ್ರೀಟಿನ ಕೆಳಗೆ ಬರಬೇಕಾದ್ದು, ಕಾಂಕ್ರೀಟಿನ ಬದಲಿಗೆ ಅಲ್ಲ. ನಮ್ಮ ಕರಾವಳಿಯಲ್ಲಿ ಮಳೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹಿತ್ತಿಲ ಬಾವಿಯಲ್ಲಿ ನೀರು ಕೈಗೆಟಕುವಷ್ಟು ಮೇಲೆ ಬಂದಿರುತ್ತದೆ. ಆಗ ತುಂಬಿದ ಮಣ್ಣು ನೆನೆದು ಕೂರುತ್ತದೆ, ಒಂದು ಕಡೆ ಜಾಸ್ತಿ, ಒಂದು ಕಡೆ ಕಮ್ಮಿ. ಮೇಲಿನ ಟೈಲ್ಸ್ ಅಡಿ ಪೊಳ್ಳಾಗುತ್ತದೆ. ನಮ್ಮ ಪಕ್ಕದ ಮನೆಯಲ್ಲಿ ಎರಡನೇ ಮಳೆಗಾಲಕ್ಕೇ ಗ್ಯಾಸ್ ಸಿಲಿಂಡರ್ ಇಡುವ ಜಾಗದ ಟೈಲ್ಸ್ ಮೂಲೆ ಮುರಿದು ಒಳಗಿಳಿದಿತ್ತು. ಹಿಡಿಸೂಡಿಯ ಕೋಲಿನಿಂದ ತಟ್ಟಿದರೆ ಅರ್ಧ ಅಡುಗೆಮನೆ ಡಬ್ ಡಬ್ ಅನ್ನುತ್ತಿತ್ತು.

ಹಾಗಾಗಿ ನಾವು ಸೇರಿಸಿದ್ದು ಎರಡು ಸಾಲು. ಮಣ್ಣು ಕುಟ್ಟಿದ ಮೇಲೆ 250 ಮೈಕ್ರಾನಿನ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮೂರಿಂಚು ಕಾಂಕ್ರೀಟ್. ಹಾಳೆ ಕೆಳಗಿನ ತೇವ ಮೇಲೇರದಂತೆ ತಡೆಯಲಿಕ್ಕೆ. ಹಾಳೆ ಎರಡು ತುಂಡಾದರೆ ಅರ್ಧ ಅಡಿಯಾದರೂ ಒಂದರ ಮೇಲೊಂದು ಬರಬೇಕು, ಗೋಡೆಯ ಹತ್ತಿರ ಸ್ವಲ್ಪ ಮೇಲಕ್ಕೆ ಮಡಚಬೇಕು. ಒಂದು ಮಿತಿ ಹೇಳಿಬಿಡುತ್ತೇನೆ: ಚಿರೆಕಲ್ಲಿನ ಗೋಡೆಯೊಳಗಿಂದ ಏರುವ ತೇವಕ್ಕೆ ಈ ಹಾಳೆ ಏನೂ ಮಾಡುವುದಿಲ್ಲ. ನಮ್ಮ ಸ್ಕರ್ಟಿಂಗ್ ಮೇಲೆ ಆಷಾಢದಲ್ಲಿ ಈಗಲೂ ಸ್ವಲ್ಪ ಬಿಳಿ ಹುಡಿ ಏಳುತ್ತದೆ.

ಸಿಮೆಂಟ್ ಚೀಲದ ಲೆಕ್ಕ ನಾವೇ ಮಾಡಿ ನೋಡಬಹುದಾ?

ಮಾಡಬಹುದು, ಕಷ್ಟ ಇಲ್ಲ. ನೆನಪಿಡಬೇಕಾದ್ದು ಒಂದು: 50 ಕೆಜಿ ಚೀಲ ಅಂದರೆ ಸುಮಾರು ಒಂದೂಕಾಲು ಸಿಎಫ್‌ಟಿ.

ಟೈಲ್ಸ್ ಕೆಳಗಿನ ಹೊಯ್ಗೆ ಸಿಮೆಂಟಿನ ಹಾಸು ಒಂದೂವರೆ ಇಂಚು ಅಂದುಕೊಳ್ಳಿ. ಒಂದೂವರೆ ಇಂಚು ಅಂದರೆ ಅಡಿಯ ಎಂಟನೇ ಒಂದು ಭಾಗ. 120ನ್ನು 8ರಿಂದ ಭಾಗಿಸಿದರೆ 15 ಸಿಎಫ್‌ಟಿ. ಇದು ಕಲಸಿದ ಮೇಲಿನ ಅಳತೆ. ನೀರು ಬಿದ್ದು ಕುಗ್ಗುತ್ತದೆ, ಹಾಗಾಗಿ ಒಣ ಸಾಮಾನು ಮೂರನೇ ಒಂದು ಪಾಲು ಜಾಸ್ತಿ ಬೇಕು: 20 ಸಿಎಫ್‌ಟಿ. ಮಿಕ್ಸ್ ಒಂದಕ್ಕೆ ಆರು ಆದರೆ ಏಳು ಪಾಲಿನಲ್ಲಿ ಒಂದು ಪಾಲು ಸಿಮೆಂಟ್, ಸುಮಾರು 2.9 ಸಿಎಫ್‌ಟಿ, ಅಂದರೆ ಎರಡೂಕಾಲು ಚೀಲದ ಮೇಲೆ ಸ್ವಲ್ಪ. ಟೈಲ್ಸ್ ಅಡಿ ಸುರಿಯುವ ಸಿಮೆಂಟ್ ಹಾಲಿಗೆ ಹತ್ತಿರ ಹತ್ತಿರ ಒಂದು ಚೀಲ. ಸ್ಕರ್ಟಿಂಗಿಗೆ ಉಳಿದದ್ದು. ಮೇಸ್ತ್ರಿ ಬರೆದ 4 ಚೀಲ ಸರಿಯಾಗಿ ಇದಕ್ಕೇ ಕೂರುತ್ತದೆ. ಹೊಯ್ಗೆ 17, ಅವರು ಬರೆದದ್ದು 20, ಅದೂ ಸರಿ. ಕಾಂಕ್ರೀಟಿಗೆ ಒಂದು ಬಾಂಡ್ಲಿಯಷ್ಟೂ ಇಟ್ಟಿರಲಿಲ್ಲ ಅಂತ ಗಟ್ಟಿಯಾದದ್ದು ಈ ಲೆಕ್ಕದಿಂದಲೇ.

ಕಾಂಕ್ರೀಟಿನದ್ದು ಹೀಗೆ: ಮೂರಿಂಚು ಅಂದರೆ ಕಾಲು ಅಡಿ, 120ರಲ್ಲಿ ಕಾಲು ಭಾಗ 30 ಸಿಎಫ್‌ಟಿ. ಕಾಂಕ್ರೀಟಿಗೆ ಒಣ ಸಾಮಾನು ಒಂದೂವರೆ ಪಾಲಿಗಿಂತ ಚೂರು ಜಾಸ್ತಿ, 46 ಅಂತ ಹಿಡಿಯಿರಿ. ಒಂದಕ್ಕೆ ನಾಲ್ಕಕ್ಕೆ ಎಂಟು ಮಿಕ್ಸಿನಲ್ಲಿ ಒಟ್ಟು 13 ಪಾಲು. ಸಿಮೆಂಟ್ ಮೂರು ಚೀಲ, ಹೊಯ್ಗೆ 14, ಜಲ್ಲಿ 28 ಸಿಎಫ್‌ಟಿ.

ಒಂದು ಅನುಕೂಲ ಏನೆಂದರೆ ಚೀಲದ ಲೆಕ್ಕ ದಪ್ಪವನ್ನೂ ಹೇಳುತ್ತದೆ. ಯಾರಾದರೂ ಇದೇ ಅಳತೆಯ ನೆಲದ ಹಾಸಿಗೇ 6 ಚೀಲ ಬರೆದರೆ ಅವರು ಮನಸ್ಸಿನಲ್ಲಿ ಮೂರ್ನಾಲ್ಕು ಇಂಚು ದಪ್ಪ ಹಿಡಿದಿದ್ದಾರೆ ಅಂತ ಅರ್ಥ. ಹಳೇ ನೆಲ ಒಂದು ಕಡೆ ಇಳಿಜಾರಿದ್ದರೆ ಹೀಗೆ ಮಾಡುತ್ತಾರೆ. ಅಷ್ಟು ದಪ್ಪ ಹಾಸು ಒಣಗುವಾಗ ಕುಗ್ಗಿ ಬಿರಿಯುತ್ತದೆ, ಮಟ್ಟ ಏರಿಸುವುದಿದ್ದರೆ ಕೆಳಗಿನ ಕಾಂಕ್ರೀಟಿನಲ್ಲೇ ಏರಿಸಲು ಹೇಳಿ.

ಹೊಯ್ಗೆಗೆ ಸಿಎಫ್‌ಟಿ ಯಾಕೆ? ಎಲ್ಲರೂ ಲೋಡ್ ಅಂತಲೇ ಹೇಳ್ತಾರಲ್ಲ?

ಲೋಡ್ ಅಂದರೆ ಯಾವ ಗಾಡಿ? ರಿಕ್ಷಾ ಟೆಂಪೋವೋ, ಟಿಪ್ಪರೋ? ಕಾರವಾರ ಕಡೆ ಬ್ರಾಸ್ ಅಂತಾರೆ, ಅದಾದರೂ ಪರವಾಗಿಲ್ಲ, ಒಂದು ಬ್ರಾಸ್ ಅಂದರೆ 100 ಸಿಎಫ್‌ಟಿ. ನಮಗೆ ಬೇಕಾದದ್ದು ಹಾಸು ಕಾಂಕ್ರೀಟು ಎರಡಕ್ಕೂ ಸೇರಿ ಮೂವತ್ತರ ಹತ್ತಿರ. ಅರ್ಧ ಲೋಡ್ ಅಂತ ಬರೆದು 50 ಇಳಿಸಿದರೆ ಉಳಿದದ್ದು ಅಂಗಳದಲ್ಲಿ ಬೆಕ್ಕಿಗೆ.

ನೆನೆದ ಹೊಯ್ಗೆ ಉಬ್ಬಿರುತ್ತದೆ ಅನ್ನುವುದೂ ಗೊತ್ತಿರಲಿ. ಸ್ವಲ್ಪ ಒದ್ದೆಯಾದ ಹೊಯ್ಗೆ ಅಳತೆಗೆ ಕಾಲು ಭಾಗದವರೆಗೂ ಜಾಸ್ತಿ ಕಾಣುತ್ತದೆ, ದುಡ್ಡು ಗಾಳಿಗೆ ಕೊಟ್ಟ ಹಾಗೆ. ಮಳೆಗಾಲದಲ್ಲಿ ತರಿಸುವವರು ಇದನ್ನು ಲೆಕ್ಕಕ್ಕೆ ಹಿಡಿಯಿರಿ.

ಇನ್ನು ಉಪ್ಪು. ಅಳಿವೆ ಹತ್ತಿರದ ಹೊಳೆಯಲ್ಲಿ ಉಬ್ಬರದ ನೀರು ಒಳಗೆ ಬರುತ್ತದೆ, ಅಲ್ಲಿಯ ಹೊಯ್ಗೆಯಲ್ಲಿ ಉಪ್ಪಿರುತ್ತದೆ. ಚಿಟಿಕೆ ನಾಲಿಗೆಗೆ ಹಚ್ಚಿದರೆ ಗೊತ್ತಾಗುತ್ತದೆ, ನಾಚಿಕೆ ಬೇಡ, ನಮ್ಮ ಅಜ್ಜ ಹಾಗೇ ನೋಡುತ್ತಿದ್ದರು. ಉಪ್ಪಿನ ಹೊಯ್ಗೆ ಹಾಕಿದರೆ ಸಂದುಗಳಲ್ಲಿ ಬಿಳಿ ಹುಡಿ ಬರುತ್ತಲೇ ಇರುತ್ತದೆ, ಒರೆಸಿದಷ್ಟೂ ಬರುತ್ತದೆ. ಕಲಸುವ ನೀರಿಗೂ ಇದೇ ಮಾತು, ಮೇ ತಿಂಗಳ ಸವಳು ಬಾವಿ ನೀರಿನ ಬದಲು ನಾವು ನಲ್ಲಿ ನೀರು ಡ್ರಮ್ಮಿನಲ್ಲಿ ಹಿಡಿದಿಟ್ಟು ಕೊಟ್ಟೆವು. ಮಣ್ಣು ಎಷ್ಟಿದೆ ನೋಡಲು ಗಾಜಿನ ಬಾಟಲಿಯಲ್ಲಿ ಅರ್ಧ ಹೊಯ್ಗೆ, ಮೇಲೆ ನೀರು, ಕುಲುಕಿ ಎರಡು ಮೂರು ಗಂಟೆ ಬಿಡಿ. ಮೇಲೆ ಕೂರುವ ಕೆಸರಿನ ಪದರ ಹೊಯ್ಗೆಯ ನೂರಕ್ಕೆ ಎಂಟು ಪಾಲಿಗಿಂತ ಜಾಸ್ತಿ ಇದ್ದರೆ ವಾಪಸ್ ಕಳಿಸಿ.

ವಿಟ್ರಿಫೈಡ್ ಟೈಲಿಗೆ ಸಿಮೆಂಟ್ ಹಾಲು ಸಾಕಾ, ಅಂಟು ಬೇಕಾ?

ವಿಟ್ರಿಫೈಡ್ ಟೈಲ್ ನೀರೇ ಕುಡಿಯುವುದಿಲ್ಲ, ತನ್ನ ತೂಕದ ಶೇಕಡಾ ಅರ್ಧಕ್ಕಿಂತ ಕಮ್ಮಿ. ನೀರು ಕುಡಿಯದ ಬೆನ್ನಿಗೆ ಸಿಮೆಂಟ್ ಹಾಲು ಹಿಡಿಯುವುದು ಕಷ್ಟ. ಹಾಗಂತ ಹಾಲಿನಲ್ಲಿ ಕೂರಿಸಿದ್ದೆಲ್ಲಾ ಎದ್ದು ಬಂದಿಲ್ಲ, ಒಳ್ಳೇ ಕೈ ಇದ್ದರೆ ವರ್ಷಗಟ್ಟಲೆ ನಿಂತಿದೆ. ಆದರೂ ನಾವು ಅಂಟಿಗೆ ಹೋದೆವು. ಕ್ರಮ ಬದಲಾಗುತ್ತದೆ: ಮೊದಲು ಹಾಸು ಹಾಕಿ ಮಟ್ಟ ಮಾಡಿ, ನೀರು ಹೊಡೆದು ಗಟ್ಟಿಯಾಗಲು ಬಿಟ್ಟು, ಆಮೇಲೆ ಹಲ್ಲಿನ ಕರಣೆಯಿಂದ ಅಂಟು ಎಳೆದು ಟೈಲ್ಸ್ ಕೂರಿಸುವುದು. ಹಾಸು ಗಟ್ಟಿ ಇರಬೇಕಾದ್ದರಿಂದ ಮಿಕ್ಸ್ ಒಂದಕ್ಕೆ ನಾಲ್ಕಕ್ಕೆ ಏರಿತು, ಅದಕ್ಕೆ ಸಿಮೆಂಟ್ ಮೂರೂಕಾಲು ಚೀಲ. ಅಂಟು ನಾಲ್ಕು ಮಿಲಿಮೀಟರ್ ದಪ್ಪಕ್ಕೆ ಹೆಚ್ಚುಕಮ್ಮಿ 70 ಕೆಜಿ, 20 ಕೆಜಿಯ ನಾಲ್ಕು ಚೀಲ.

ಪಟ್ಟಿಯಲ್ಲಿ ಅಂಟು ಇದ್ದೂ ಹಾಲಿನ ಸಿಮೆಂಟೂ ಇದ್ದರೆ ಕೇಳಿ. ಎರಡರಲ್ಲಿ ಒಂದು ಸಾಕು.

ವೈಟ್ ಸಿಮೆಂಟ್ 5 ಕೆಜಿ ಯಾಕೆ?

ಸಂದಿಗೆ. ಬೇಡ ಅಂದೆ. ಬಂಗಡೆ ಸಾರು, ಅರಿಶಿನ, ಮುರುಗಲು ಇರುವ ಅಡುಗೆಮನೆಯಲ್ಲಿ ವೈಟ್ ಸಿಮೆಂಟ್ ಒಂದು ತಿಂಗಳೂ ಬಿಳಿ ಇರುವುದಿಲ್ಲ. ಬೂದು ಬಣ್ಣದ ಗ್ರೌಟ್ ತರಿಸಿದೆವು. ಎರಡು ಮೂರು ಮಿಲಿಮೀಟರ್ ಸಂದಿಗೆ ಈ ಅಳತೆಯ ನೆಲಕ್ಕೆ ಒಂದರಿಂದ ಒಂದೂವರೆ ಕೆಜಿ ಸಾಕು, ಎರಡು ಪ್ಯಾಕೆಟ್ ತಂದರೆ ಉಳಿಯುತ್ತದೆ. ಎಪಾಕ್ಸಿ ಗ್ರೌಟ್ ಕಲೆ ಹಿಡಿಯುವುದಿಲ್ಲ, ಆದರೆ ದುಬಾರಿ, ಹಾಕಿದ ತಕ್ಷಣ ಒರೆಸದಿದ್ದರೆ ಟೈಲ್ಸ್ ಮೇಲೆ ಮಂಜಿನ ಹಾಗೆ ನಿಲ್ಲುತ್ತದೆ. ನಮ್ಮವರಿಗೆ ಅಭ್ಯಾಸ ಇರಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ.

"ಇತರೆ 2,500" ಅಂದರೇನು?

ಕೇಳಿದಾಗ ಒಂದೊಂದೇ ಹೊರಬಂತು: ಕಟಿಂಗ್ ಬ್ಲೇಡು, ಸ್ಪೇಸರ್, ಟೈಲ್ಸ್ ತರುವ ಗಾಡಿ ಬಾಡಿಗೆ, ಇಳಿಸುವ ಹಮಾಲಿ. ಇದರಲ್ಲಿ ಇರದಿದ್ದದ್ದು ಕಿತ್ತ ಕಲ್ಲುಮಣ್ಣು ಸಾಗಿಸುವುದು ಮತ್ತು ಬಾಗಿಲ ಅಡಿ ಕತ್ತರಿಸುವ ಬಡಗಿಯ ಕೂಲಿ. ಮೂರಿಂಚು ನೆಲ ಕಿತ್ತರೆ ಗಟ್ಟಿಯಾಗಿ 30 ಸಿಎಫ್‌ಟಿ, ತುಂಡಾದ ಮೇಲೆ ರಾಶಿ 45ರ ಹತ್ತಿರ. ನಾವು ಅರ್ಧ ಅಲ್ಲೇ ಕುಟ್ಟಿದೆವು, ಇನ್ನರ್ಧ ತೋಟದ ದಾರಿಯ ಗುಂಡಿಗೆ ಹೋಯಿತು. ಪೇಟೆಯಲ್ಲಿರುವವರು ಇದನ್ನು ಮೊದಲೇ ಮಾತಾಡಿ, ಇಲ್ಲದಿದ್ದರೆ ಗೇಟಿನ ಎದುರು ಬಿದ್ದಿರುತ್ತದೆ.

ಹಳೇ ನೆಲ ಕೀಳದೆ ಮೇಲೇ ಟೈಲ್ಸ್ ಹಾಕಿದರೆ ಇಷ್ಟೆಲ್ಲಾ ಖರ್ಚು ಉಳಿಯುತ್ತಲ್ಲ?

ಉಳಿಯುತ್ತದೆ, ಹಳೇ ನೆಲ ಗಟ್ಟಿ ಇದ್ದರೆ. ಶಿರಸಿಯ ಚಿಕ್ಕಪ್ಪನ ಮನೆಯ ರೆಡ್ ಆಕ್ಸೈಡ್ ನೆಲ ಎಲ್ಲೂ ಬಿರಿದಿರಲಿಲ್ಲ, ಎಲ್ಲೂ ಪೊಳ್ಳು ಇರಲಿಲ್ಲ. ಅಲ್ಲಿ ಮೇಲ್ಮೈ ಕೆತ್ತಿ ಒರಟು ಮಾಡಿ ಅಂಟಿನಲ್ಲೇ ಕೂರಿಸಿದರು. ನೆಲ ಏರಿದ್ದು ಅರ್ಧ ಇಂಚು ಮಾತ್ರ. (ಅಷ್ಟು ಚಂದದ ಕೆಂಪು ನೆಲ ಮುಚ್ಚಿದ್ದಕ್ಕೆ ನನಗೆ ಇನ್ನೂ ಸಿಟ್ಟಿದೆ, ಅದು ಬೇರೆ ಮಾತು.) ಅಂಟಿನ ಬದಲು ಒಂದೂವರೆ ಇಂಚು ಹಾಸು ಹಾಕಿದರೆ ನೆಲ ಎರಡಿಂಚು ಏರುತ್ತದೆ, ಹೊಸ್ತಿಲು ಹೂತು ಹೋಗುತ್ತದೆ, ಹಿತ್ತಿಲ ಬಾಗಿಲು ತೆರೆಯುವುದಿಲ್ಲ. ನಮ್ಮ ನೆಲ ಬಿರಿದು ತೇವ ಕಾರುತ್ತಿತ್ತು, ಕೀಳದೆ ಗತಿ ಇರಲಿಲ್ಲ.

ಪಟ್ಟಿ ಪ್ರಕಾರ ಸಾಮಾನು ಬಂದಿದೆಯಾ ಅಂತ ಹೇಗೆ ನೋಡುವುದು? ದಿನವಿಡೀ ಕಾಯಲಿಕ್ಕಾಗುತ್ತಾ?

ಬೇಕಾಗಿಲ್ಲ. ಖಾಲಿ ಸಿಮೆಂಟ್ ಚೀಲ ಬಿಸಾಡಬೇಡಿ ಅಂತ ಹೇಳಿ, ಸಂಜೆ ಎಣಿಸಿದರಾಯಿತು. ಟೈಲ್ಸ್ ಬಾಕ್ಸ್ ಇಳಿಸುವಾಗ ಹತ್ತೂ ಬಾಕ್ಸಿನ ಬ್ಯಾಚ್ ನಂಬರು, ಶೇಡು, ಗ್ರೇಡು ಒಂದೇನಾ ಅಂತ ಫೋಟೋ ತೆಗೆದುಕೊಳ್ಳಿ. ನಮ್ಮಲ್ಲಿ ಒಂದು ಬಾಕ್ಸ್ ಬೇರೆ ಬ್ಯಾಚಿನದ್ದು ಬಂದಿತ್ತು, ಗಾಡಿಯಲ್ಲೇ ವಾಪಸ್ ಹೋಯಿತು. ಕೂರಿಸಿದ ಮೇಲೆ ಯಾವ ಅಂಗಡಿಯವನೂ ತೆಗೆದುಕೊಳ್ಳುವುದಿಲ್ಲ.

ನೀವು ಎದುರಿಗಿರಲೇಬೇಕಾದದ್ದು ಕಾಂಕ್ರೀಟ್ ಹಾಕುವ ದಿನ. ಗೋಡೆಯ ಮೇಲೆ ಸುತ್ತಲೂ ಮಟ್ಟದ ಗೆರೆ ಎಳೆಸಿ, ಗೆರೆಯಿಂದ ಮಣ್ಣಿಗೆ ಎಷ್ಟು ಅಂತ ನಾಲ್ಕು ಮೂಲೆ ಮತ್ತು ನಡುವೆ ಅಳೆದು ಬರೆದುಕೊಳ್ಳಿ. ಕಾಂಕ್ರೀಟ್ ಆದ ಮೇಲೆ ಅದೇ ಜಾಗದಲ್ಲಿ ಮತ್ತೆ ಅಳೆಯಿರಿ. ವ್ಯತ್ಯಾಸ ಮೂರಿಂಚು ಇರಬೇಕು. ನಮ್ಮಲ್ಲಿ ಹಿತ್ತಿಲ ಬಾಗಿಲ ಮೂಲೆಯಲ್ಲಿ ಎರಡೂಕಾಲು ಇತ್ತು, ಹಸಿ ಇರುವಾಗಲೇ ಸರಿ ಮಾಡಿದರು. ಆಮೇಲೆ ಏಳು ದಿನ ಒದ್ದೆ ಗೋಣಿ ಹೊದಿಸಿ ನೀರು ಹೊಡೆಯುವುದು, ಆ ಕೆಲಸ ಆಯಿಯದ್ದಾಗಿತ್ತು. ಅಷ್ಟೂ ದಿನ ಅಡುಗೆ ಜಗಲಿಯಲ್ಲಿ.

ಕೊನೆಗೆ ಎಷ್ಟಾಯಿತು?

41,000. ಹೌದು, ಲೆಕ್ಕ ಕೇಳಿ ಏಳು ಸಾವಿರ ಜಾಸ್ತಿ ಮಾಡಿಕೊಂಡೆ. ಅದರಲ್ಲಿ ಐದೂವರೆ ಸಾವಿರ ಕಾಂಕ್ರೀಟು ಮತ್ತು ಪ್ಲಾಸ್ಟಿಕ್ ಹಾಳೆಗೆ, ಅದರ ಕೂಲಿಯೂ ಸೇರಿ. ಉಳಿದದ್ದು ಅಂಟಿಗೆ. ಒಟ್ಟು ಸಿಮೆಂಟ್ 7 ಚೀಲ ತರಿಸಿದ್ದು, ಖಾಲಿ ಚೀಲ ಏಳೂ ಸಿಕ್ಕವು, ಆಯಿ ಈಗ ಅದರಲ್ಲಿ ಒಣ ತೆಂಗಿನಕಾಯಿ ತುಂಬಿಟ್ಟಿದ್ದಾಳೆ. ಟೈಲ್ಸ್ 40ರಲ್ಲಿ ಕತ್ತರಿಸುವಾಗ ಎರಡು ಒಡೆದವು, ಮೂರು ಉಳಿದು ಅಟ್ಟದಲ್ಲಿವೆ. ಒಂದು ಮಳೆಗಾಲ ಕಳೆದಿದೆ. ಮೊನ್ನೆ ಹಿಡಿಸೂಡಿ ಕೋಲಿನಿಂದ ತಟ್ಟಿ ನೋಡಿದೆ, ಫ್ರಿಜ್ಜಿನ ಹಿಂದಿನ ಒಂದು ಟೈಲ್ ಮಾತ್ರ ಸ್ವಲ್ಪ ಪೊಳ್ಳು ಶಬ್ದ ಮಾಡುತ್ತದೆ. ಮೇಸ್ತ್ರಿಗೆ ಹೇಳಿದ್ದೇನೆ, ಬಂದು ನೋಡುತ್ತೇನೆ ಅಂದಿದ್ದಾರೆ.